ಟಿವಿಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ? ನಮ್ಮ ಮೂರು ಮನೆಗಳ ಲೆಕ್ಕ

ನಾನು ವಿಜಯಪುರದಲ್ಲಿದ್ದೇನೆ, ತಮ್ಮ ಬಾಗಲಕೋಟೆಯ ನವನಗರದಲ್ಲಿ, ಅಕ್ಕ ಬೆಳಗಾವಿಯ ಟಿಳಕವಾಡಿಯಲ್ಲಿ. ಟಿವಿ ತಗೊಂಡಾಗ ಮೂವರೂ ಮೂರು ದಾರಿ ಹಿಡಿದೆವು. ನಾನು ಅಂಗಡಿಯವರ ವಾರಂಟಿ ತಗೊಂಡೆ. ತಮ್ಮ ಏನೂ ತಗೊಳ್ಳಲಿಲ್ಲ. ಅಕ್ಕ ಟಿವಿ ಕಂಪನಿಯದ್ದೇ ವಾರಂಟಿ ತಗೊಂಡಳು. ಮೂರೂ ಟಿವಿ ಕೆಟ್ಟವು, ಹಾಗಾಗಿ ಈಗ ಹೋಲಿಸಿ ಹೇಳಬಹುದು.

ಮೊದಲು ನನ್ನದು. 2021ರ ದೀಪಾವಳಿಗೆ 43 ಇಂಚಿನ ಟಿವಿ, 32,000 ರೂಪಾಯಿ. ಕೌಂಟರಿನಲ್ಲಿದ್ದ ಹುಡುಗ "ಇನ್ನೊಂದು 2,899 ಕೊಡ್ರಿ ಸರ್, ಮೂರು ವರ್ಷ ಚಿಂತಿ ಇಲ್ಲ" ಅಂದ. ಕೊಟ್ಟೆ. ಮನೆಗೆ ಬಂದು ಕಾಗದ ಓದಿದಾಗ ಗೊತ್ತಾಯಿತು, ಆ ಮೂರರಲ್ಲಿ ಮೊದಲ ವರ್ಷ ಹೇಗೂ ಕಂಪನಿಯದ್ದು, ನಾನು ದುಡ್ಡು ಕೊಟ್ಟಿದ್ದು ಎರಡೇ ವರ್ಷಕ್ಕೆ.

2024ರ ಮಾರ್ಚಿನಲ್ಲಿ ಒಂದು ಸಂಜೆ ಸದ್ದು ಬರ್ತಿತ್ತು, ಚಿತ್ರ ಇಲ್ಲ. ಇಂಥ ಹೊತ್ತಲ್ಲಿ ಕೋಣೆಯ ಲೈಟು ಆರಿಸಿ, ಪರದೆಗೆ ತೀರಾ ಹತ್ತಿರ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಒಳಗೆ ಚಿತ್ರ ಮಸುಕಾಗಿ ಓಡಾಡ್ತಾ ಕಂಡರೆ ಪರದೆ ಚೆನ್ನಾಗಿದೆ, ಹಿಂದಿನ ಬೆಳಕು ಹೋಗಿದೆ ಅಂತ ಅರ್ಥ. ನಮ್ಮದು ಅದೇ. ಪರದೆಯ ಹಿಂದೆ ಸಾಲಾಗಿ ಎಲ್‌ಇಡಿ ಪಟ್ಟಿಗಳಿರುತ್ತವೆ, ಬ್ರೈಟ್‌ನೆಸ್ ನೂರಕ್ಕೇ ಇಟ್ಟು ವರ್ಷಗಟ್ಟಲೆ ನೋಡಿದರೆ ಬಿಸಿಗೆ ಅವು ಬೇಗ ಸುಡುತ್ತವೆ. ಓಣಿಯ ರಿಪೇರಿಯವರು ಪಟ್ಟಿ ಹಾಕಿ 2,800 ರೂಪಾಯಿ, ಎರಡು ದಿನ ಅಂದರು. ಅವರು ಸ್ಕ್ರೂ ಬಿಚ್ಚಲು ಕೈ ಹಾಕಿದ್ದರು, ನಾನೇ ತಡೆದೆ. ಹೊರಗಿನವರು ಒಮ್ಮೆ ಬಿಚ್ಚಿದರೆ ವಾರಂಟಿ ಅಲ್ಲಿಗೇ ಮುಗೀತು, ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಫೋನ್ ಮಾಡಿದ ಆರನೇ ದಿನ ಟೆಕ್ನಿಷಿಯನ್ ಬಂದರು, ಸಾಮಾನು ಬರಲು ಮತ್ತೆ ಮೂರು ವಾರ. ರಿಪೇರಿಗೆ ದುಡ್ಡು ತಗೊಳ್ಳಲಿಲ್ಲ. ಅಂದರೆ 2,899 ಕೊಟ್ಟು 2,800ರ ಕೆಲಸ ಮಾಡಿಸಿಕೊಂಡೆ, ಹತ್ತಿರ ಹತ್ತಿರ ಒಂದು ತಿಂಗಳು ಕಾದೆ.

ಅಲ್ಲಿಗೆ ಮುಗಿದಿದ್ದರೆ ಸಮಸಮ ಅನ್ನಬಹುದಿತ್ತು. ಮೇ ತಿಂಗಳಲ್ಲಿ ಗುಡುಗು ಮಳೆ ಬಂತು, ಕರೆಂಟ್ ಹೋಗಿ ಬಂತು, ಟಿವಿಯ ಕೆಂಪು ದೀಪವೇ ಹತ್ತಲಿಲ್ಲ. ವಾರಂಟಿ ಇನ್ನೂ ಆರು ತಿಂಗಳು ಬಾಕಿ. ಅದೇ ಟೆಕ್ನಿಷಿಯನ್ ಬಂದು ಹಿಂಬದಿ ತೆಗೆದು ಪವರ್ ಬೋರ್ಡ್ ತೋರಿಸಿದರು. ಫ್ಯೂಸು ಸುಟ್ಟಿತ್ತು, ಪಕ್ಕದ ಒಂದು ಬಿಲ್ಲೆ ಒಡೆದು ಕಪ್ಪಾಗಿತ್ತು. "ಇದು ಮೇಲಿಂದ ಬಂದ ಹೊಡೆತ ಸರ್, ಇದಕ್ಕ ವಾರಂಟಿ ಬರೂದಿಲ್ಲ" ಅಂದರು. ಕಾಗದ ತೆಗೆದು ನೋಡಿದರೆ ಹೊರತಾದವುಗಳ ಪಟ್ಟಿಯಲ್ಲಿ ಸಿಡಿಲು, ವೋಲ್ಟೇಜ್ ಏರಿಳಿತ ಎರಡೂ ಇದ್ದವು. ಬೋರ್ಡಿಗೆ 2,200 ಕೈಯಿಂದ ಹೋಯಿತು. ನಮ್ಮ ಕಡೆ ಟಿವಿ ಕೆಡುವ ದೊಡ್ಡ ಕಾರಣವೇ ಇದು, ಅದನ್ನೇ ಹೊರಗಿಟ್ಟರೆ ಹೇಗೆ ಅಂತ ನನಗೆ ಇವತ್ತಿಗೂ ಬೇಜಾರಿದೆ. ನಮ್ಮ ಟಿವಿಯ ಹಿಂದಿನ ಚೀಟಿಯಲ್ಲಿ 100ರಿಂದ 240 ವೋಲ್ಟ್ ಅಂತ ಇದೆ, ಅಂದರೆ ಕಡಿಮೆ ವೋಲ್ಟೇಜನ್ನು ಅದು ತಡೆಯುತ್ತದೆ. ಕೊಲ್ಲುವುದು ಒಂದು ಕ್ಷಣಕ್ಕೆ ಬರುವ ಏಟು. ಈಗ ಮೋಡ ಗುಡುಗಿದರೆ ಸ್ವಿಚ್ ಆರಿಸಿ ಸುಮ್ನೆ ಕೂರುವುದಿಲ್ಲ, ಪ್ಲಗ್ಗೂ ಕೀಳುತ್ತೇವೆ, ಮಾಳಿಗೆಯ ಡಿಶ್‌ನಿಂದ ಬರುವ ವಾಯರನ್ನೂ ಬಿಚ್ಚುತ್ತೇವೆ. ಆ ವಾಯರಿನ ಮೂಲಕವೂ ಏಟು ಒಳಗೆ ಬರುತ್ತದೆ.

ತಮ್ಮನದು 31,500ರ ಟಿವಿ, ಅದೂ 43 ಇಂಚು. ಮೂರನೇ ವರ್ಷ ಪರದೆಯ ಮೇಲೆ ಉದ್ದುದ್ದ ಗೆರೆ ಬಂದವು. ಸರ್ವಿಸ್ ಸೆಂಟರಿನವರು ಪ್ಯಾನಲ್‌ಗೆ 19,500 ಅಂದರು. ಅಷ್ಟು ಕೊಡುವ ಬದಲು ಹೊಸದೇ ತಗೊಂಡ. "ಅವತ್ತ ವಾರಂಟಿ ತಗೊಬೇಕಿತ್ತು ಅಣ್ಣಾ" ಅಂತ ಎಷ್ಟು ಸಲ ಅಂದನೋ. ಆದರೆ ನೋಡಲು ಬಂದವರು ಪ್ಯಾನಲ್ಲಿನ ಕೆಳ ಅಂಚು ತೋರಿಸಿದ್ದರು. ಅಲ್ಲಿ ಸಾಲಾಗಿ ಅಂಟಿರುವ ತೆಳ್ಳನೆಯ ಪಟ್ಟಿಗಳ ಮೇಲೆ ಹಸಿರು ಕಿಲುಬು ಹಿಡಿದಿತ್ತು. ದಸರೆಗೆ ಮನೆ ಸ್ವಚ್ಛ ಮಾಡುವಾಗ ಟಿವಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು, ನೀರು ಜಾರಿ ಕೆಳಗೆ ಇಳಿದಿದೆ. ನೀರಿನಿಂದ ಆದ ಹಾನಿ ನನ್ನ ಕಾಗದದಲ್ಲೂ ಹೊರಗೆ, ಅಕ್ಕನ ಕಾಗದದಲ್ಲೂ ಹೊರಗೆ. ಅಂದರೆ ಅವನು ದುಡ್ಡು ಕೊಟ್ಟಿದ್ದರೂ ಅರ್ಜಿ ತಿರಸ್ಕಾರ ಆಗ್ತಿತ್ತು. ಒಂದು ವೇಳೆ ಒಪ್ಪಿದ್ದರೂ, ನನ್ನ ಅಂಗಡಿ ವಾರಂಟಿಯ ಪ್ರಕಾರ ರಿಪೇರಿಗೆ ಬಾರದ ಟಿವಿಗೆ ಮೂರನೇ ವರ್ಷ ಬಿಲ್ಲಿನ ಅರ್ಧ ಮಾತ್ರ, 15,750, ಅದೂ ಅದೇ ಅಂಗಡಿಯ ವೋಚರ್.

ನಿಜವಾಗಿ ಲಾಭ ಆದದ್ದು ಅಕ್ಕನಿಗೆ. ಅವಳದು 55 ಇಂಚು, 58,000 ರೂಪಾಯಿ. ಅಂಗಡಿಯಲ್ಲಿ ಒತ್ತಾಯ ಮಾಡಿದರೂ ತಗೊಳ್ಳಲಿಲ್ಲ. ಮೊದಲ ವರ್ಷ ಮುಗಿಯುವ ಮುಂಚೆ, ಹನ್ನೊಂದನೇ ತಿಂಗಳಲ್ಲಿ, ಕಂಪನಿಗೇ 4,200 ಕಟ್ಟಿ ಎರಡು ವರ್ಷ ಮುಂದುವರಿಸಿದಳು. ಮೂರನೇ ವರ್ಷ ಅವಳ ಪರದೆಗೂ ಗೆರೆ ಬಂತು. ಟೆಕ್ನಿಷಿಯನ್ ಮೊದಲು ಮಾಡಿದ್ದು ಟಿವಿ ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಇಡೀ ಪರದೆ ಹುಡುಕುವುದು. ಪೆಟ್ಟು ಬಿದ್ದಿದ್ದರೆ ಒಂದು ಕಡೆ ನಕ್ಷತ್ರದ ಹಾಗೆ ಬಿರುಕು ಇರುತ್ತದೆ, ಗೆರೆಗಳು ಅಲ್ಲಿಂದ ಹೊರಡುತ್ತವೆ. ಅಂಥದ್ದು ಸಿಕ್ಕರೆ ಯಾರ ವಾರಂಟಿಯೂ ನಡೆಯುವುದಿಲ್ಲ, ಮಕ್ಕಳ ಚೆಂಡು ತಾಗಿದ್ದಕ್ಕೆ ಬೇರೆ ವಿಮೆ ಇರಬೇಕು. ಅಕ್ಕನ ಪರದೆಯಲ್ಲಿ ಬಿರುಕೂ ಇರಲಿಲ್ಲ, ಕಿಲುಬೂ ಇರಲಿಲ್ಲ. ಪ್ಯಾನಲ್ ಬದಲಿಸಿ ಕೊಟ್ಟರು, ಗೋಡೆಯಿಂದ ಇಳಿಸಿ ಏರಿಸಿದ್ದಕ್ಕೆ ಮಾತ್ರ 600 ತಗೊಂಡರು. ಟಿವಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಲೆ ಪ್ಯಾನಲ್ಲಿಂದೇ, ಹಾಗಾಗಿ ಅವಳ 4,200 ಸಾರ್ಥಕ ಆಯಿತು.

ಹಾಗಾಗಿ ನಾನು ಹೀಗೆ ನೋಡ್ತೇನೆ. ಎಲ್‌ಇಡಿ ಪಟ್ಟಿ, ಪವರ್ ಬೋರ್ಡ್ ಇವೆಲ್ಲ ನಮ್ಮ ಊರುಗಳಲ್ಲಿ ಎರಡು ಮೂರು ಸಾವಿರಕ್ಕೆ ಆಗುವ ಕೆಲಸ, ಅದಕ್ಕೆ ಮುಂಗಡ ಅಷ್ಟೇ ದುಡ್ಡು ಕೊಡುವುದು ದಂಡ. ಕೊಡುವುದಿದ್ದರೆ ಪ್ಯಾನಲ್ ತಾನಾಗಿ ಕೆಟ್ಟರೆ ಅಂತ ಕೊಡಬೇಕು. 32, 43 ಇಂಚಿಗೆ ನಾನು ಇನ್ನು ತಗೊಳ್ಳುವುದಿಲ್ಲ. 55 ಮತ್ತು ಮೇಲಿನದಕ್ಕೆ ತಗೊಳ್ತೇನೆ, ಆದರೆ ಕಂಪನಿಯದ್ದೇ, ಅದೂ ಕಾಗದದಲ್ಲಿ ಪ್ಯಾನಲ್ ಅನ್ನೋ ಪದ ಸೇರಿದವುಗಳ ಪಟ್ಟಿಯಲ್ಲಿ ಇದ್ದರೆ ಮಾತ್ರ. ಯಾವ ತಿಂಗಳವರೆಗೆ ತಗೊಳ್ಳಬಹುದು ಅಂತ ಕಂಪನಿಗೆ ಫೋನ್ ಮಾಡಿ ಕೇಳಿದರೆ ಕೌಂಟರಿನಲ್ಲಿ ಅವಸರ ಬೀಳಬೇಕಿಲ್ಲ, ಅಲ್ವಾ?

ತಗೊಂಡವರು ಬಿಲ್ಲಿನ ಫೋಟೋ ಅವತ್ತೇ ತೆಗೆದಿಡಿ. ಆ ನುಣುಪು ಕಾಗದದ ಅಕ್ಷರ ಮಾಸುತ್ತದೆ. 2024ರಲ್ಲಿ ನನ್ನ ಬಿಲ್ಲು ಹೊರಗೆ ತೆಗೆದಾಗ ತಾರೀಕೇ ಅಳಿಸಿತ್ತು, ಅಂಗಡಿಗೆ ಎರಡು ಸಲ ಓಡಾಡಿ ಹೊಸ ಪ್ರತಿ ತಂದ ಮೇಲೆಯೇ ದೂರು ದಾಖಲಾಯಿತು.