ಮೂರು ವರ್ಷಕ್ಕೆ ಒಂದೇ ಸಲ ಕಟ್ಟಿದ ಆರೋಗ್ಯ ವಿಮೆ: ಮೂರನೇ ವರ್ಷದ ಕೊನೆಯಲ್ಲಿ ಬರೆದ ವಿಮರ್ಶೆ

ನಮ್ಮದು ತಿಕೋಟಾ ಕಡೆಯ ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾರಿದ ಮೇಲೆಯೇ ಕೈಗೆ ದುಡ್ಡು, ಅದೂ ವರ್ಷಕ್ಕೊಮ್ಮೆ. 2023ರ ಏಪ್ರಿಲ್‌ನಲ್ಲಿ ಕುಟುಂಬಕ್ಕೆ ಆರೋಗ್ಯ ವಿಮೆ ಮಾಡಿಸಿದಾಗ ನಾನು ಮೂರು ವರ್ಷದ ಪ್ರೀಮಿಯಂ ಒಟ್ಟಿಗೆ ಕಟ್ಟಿದೆ. ಬಾಗಲಕೋಟೆಯಲ್ಲಿ ಶಿಕ್ಷಕನಾಗಿರುವ ನನ್ನ ತಮ್ಮ ಅದೇ ಕಂಪನಿಯ ಅದೇ ಪಾಲಿಸಿಯನ್ನು ತಿಂಗಳ ಕಂತಿನಲ್ಲಿ ತೆಗೆದುಕೊಂಡ. ಹಾಗಾಗಿ ಎರಡರ ಲೆಕ್ಕವೂ ನನ್ನ ಬಳಿ ಇದೆ.

ತೆರಿಗೆ ಬಿಟ್ಟು ಇಬ್ಬರಿಗೂ ವರ್ಷದ ಪ್ರೀಮಿಯಂ 24,000 ರೂಪಾಯಿ. ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟಿದ್ದಕ್ಕೆ ನನಗೆ ಶೇ 10 ರಿಯಾಯಿತಿ ಸಿಕ್ಕಿತು, 64,800ಕ್ಕೆ ಮುಗಿಯಿತು. ತಮ್ಮನಿಗೆ ಕಂತಿನ ಸಲುವಾಗಿ ಶೇ 5 ಹೆಚ್ಚು ಬಿತ್ತು, ತಿಂಗಳಿಗೆ 2,100. ಎರಡನೇ ವರ್ಷ ಕಂಪನಿ ದರವನ್ನು ಶೇ 10 ಏರಿಸಿತು, ಅವನ ಕಂತು 2,310 ಆಯಿತು. ಮೂರು ವರ್ಷಕ್ಕೆ ಅವನು ಕಟ್ಟಬೇಕಾದದ್ದು 80,640. ನನಗೆ ಆ ಏರಿಕೆ ತಟ್ಟಲಿಲ್ಲ.

ಈ ಅಂತರವನ್ನು ನೋಡಿ ಮರುಳಾಗಬಾರದು. ನಾನೂ ವರ್ಷ ವರ್ಷ ಕಟ್ಟುತ್ತಾ ಉಳಿದ ಹಣವನ್ನು ಬ್ಯಾಂಕಿನಲ್ಲಿ ಶೇ 7ರ ಠೇವಣಿಗೆ ಹಾಕಿದ್ದರೆ ಸುಮಾರು ನಾಲ್ಕು ಸಾವಿರ ಬಡ್ಡಿ ಬರುತ್ತಿತ್ತು. ದರ ಏರದೇ ಇದ್ದಿದ್ದರೆ ರಿಯಾಯಿತಿಯಲ್ಲಿ ನನಗೆ ನಿಜವಾಗಿ ಉಳಿಯುತ್ತಿದ್ದದ್ದು ಮೂರು ಸಾವಿರದಷ್ಟೇ. ಅಸಲು ಲಾಭ ಇರುವುದು ದರ ಮೂರು ವರ್ಷ ಕದಲದೆ ನಿಂತದ್ದರಲ್ಲಿ. ಸಾಲ ತೆಗೆದು ಒಟ್ಟಿಗೆ ಕಟ್ಟುವವರಿಗೆ ಅದೂ ಉಳಿಯಲಿಕ್ಕಿಲ್ಲ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಪಾಲಿಸಿ ಮುರಿಯದೆ ನಡೆಯುವ ವಿಷಯ. ತಮ್ಮನ ಖಾತೆಯಿಂದ ಕಂತು ತಾನಾಗಿ ಕಡಿತವಾಗುತ್ತಿತ್ತು. ಆದರೆ ಬ್ಯಾಂಕಿಗೆ ಕೊಟ್ಟ ಅನುಮತಿಯಲ್ಲಿ ಗರಿಷ್ಠ ಮೊತ್ತ ಹಳೆಯ ಕಂತಿಗಿಂತ ಸ್ವಲ್ಪವೇ ಹೆಚ್ಚಿತ್ತು. ಕಂತು ಏರಿ ಆ ಮಿತಿ ದಾಟಿದ ಕೂಡಲೇ ಕಡಿತ ತಿರಸ್ಕೃತವಾಯಿತು. ಖಾತೆಯಲ್ಲಿ ಸಂಬಳ ಇತ್ತು, ಆದರೂ ಹಣ ಹೋಗಲಿಲ್ಲ. ತಿಂಗಳ ಕಂತಿಗೆ ಗ್ರೇಸ್ ಅವಧಿ 15 ದಿನ ಮಾತ್ರ, ಮೂರು ತಿಂಗಳ ಮತ್ತು ಆರು ತಿಂಗಳ ಕಂತಿಗೆ 30 ದಿನ. ಬ್ಯಾಂಕಿನ ಸಂದೇಶ ಅವನ ಕಣ್ಣಿಗೆ ಬಿದ್ದು ಅವಧಿಯೊಳಗೆ ಕಟ್ಟಿದ. ಅದು ದಾಟಿದ್ದರೆ ಪಾಲಿಸಿ ರದ್ದಾಗುತ್ತಿತ್ತು. ಹೊಸದಾಗಿ ಮಾಡಿಸಿದರೆ ಹಳೆಯ ಕಾಯಿಲೆಗಳಿಗೆ ವಿಮೆ ಸಿಗುವವರೆಗಿನ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು. ಕಂತಿನಲ್ಲಿ ಕಟ್ಟುವವರು ಪ್ರತಿ ನವೀಕರಣಕ್ಕೆ ಮುಂಚೆ ಹೊಸ ಕಂತನ್ನೂ ಅನುಮತಿಯ ಮಿತಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

2024ರ ಜುಲೈನಲ್ಲಿ ಅವನ ಮಗಳಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಕ್ಯಾಶ್‌ಲೆಸ್ ಮಂಜೂರಾದರೂ ಬಿಡುಗಡೆಯ ದಿನ ಕೌಂಟರ್‌ನಲ್ಲಿ ತೆರಿಗೆ ಬಿಟ್ಟೇ 18,480 ರೂಪಾಯಿ ಕಟ್ಟಿ ಎಂದರು. «ಅಣ್ಣಾ, ಕ್ಲೇಮ್ ಪಾಸಾಗಿದೆ, ಮತ್ತೆ ಇದೇನು ದುಡ್ಡು?» ಎಂದು ಫೋನ್ ಮಾಡಿದ. ಪಾಲಿಸಿ ಪತ್ರ ತೆಗೆದು ನೋಡಿದರೆ, ಕ್ಲೇಮ್ ಬಂದ ಕೂಡಲೇ ಆ ವರ್ಷದ ಉಳಿದ ಕಂತುಗಳೆಲ್ಲ ಬಾಕಿಯಾಗುತ್ತವೆ, ಕಂಪನಿ ಅವನ್ನು ಕ್ಲೇಮ್ ಹಣದಲ್ಲೇ ಮುರಿದುಕೊಳ್ಳಬಹುದು ಎಂದು ಬರೆದಿತ್ತು. ನಾಲ್ಕು ಕಂತು ಕಟ್ಟಿದ್ದ, ಎಂಟು ಉಳಿದಿದ್ದವು. ಇದು ಮೋಸವಲ್ಲ, ಆ ವರ್ಷ ಮತ್ತೆ ಕಂತು ಕೇಳಲೂ ಇಲ್ಲ. ಆದರೆ ಕಂತು ತೆಗೆದುಕೊಂಡವರು ವರ್ಷದ ಉಳಿದ ಪ್ರೀಮಿಯಂ ಮೊತ್ತವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲೇಬೇಕು. ಮಾರುವಾಗ ಏಜೆಂಟರು ಇದನ್ನು ಬಿಡಿಸಿ ಹೇಳಬೇಕಿತ್ತು ಎಂದು ನನಗೆ ಇಂದಿಗೂ ಸಿಟ್ಟಿದೆ.

ನನ್ನ ಪಾಲಿಸಿಯಲ್ಲೂ ಕೊರತೆ ಇದೆ. ಎರಡನೇ ವರ್ಷ ವಿಜಯಪುರದಲ್ಲಿ ನಾವು ಹೋಗುತ್ತಿದ್ದ ಆಸ್ಪತ್ರೆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಿಂದ ಹೊರಬಿತ್ತು. ಕಾಯುವ ಅವಧಿ ಕಳೆದುಕೊಳ್ಳದೆ ಬೇರೆ ಕಂಪನಿಗೆ ಹೋಗುವ ಅವಕಾಶ ನವೀಕರಣದ ಹೊತ್ತಿಗೆ ಮಾತ್ರ. ನನ್ನ ನವೀಕರಣ ಇನ್ನೂ ದೂರವಿತ್ತು. ರದ್ದು ಮಾಡಿದ್ದರೆ ಇನ್ನೂ ಶುರುವಾಗದ ವರ್ಷದ ಪ್ರೀಮಿಯಂ ವಾಪಸ್ ಬರುತ್ತಿತ್ತು, ಆದರೆ ಕಾಯುವ ಅವಧಿಯಲ್ಲಿ ಕಳೆದ ವರ್ಷಗಳ ಲೆಕ್ಕ ಹೋಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಹೋಯಿತು. ನಾನು ಮೂರೂ ವರ್ಷದ್ದನ್ನು ಮೊದಲೇ ಕಟ್ಟಿಬಿಟ್ಟಿದ್ದೆ.

ಇನ್ನೊಂದು ಮಾತು: ಒಟ್ಟಿಗೆ ಕಟ್ಟಿದರೆ ಕಾಯುವ ಅವಧಿ ಕಡಿಮೆಯಾಗುವುದಿಲ್ಲ. ನನ್ನ ಹೆಂಡತಿಯ ರಕ್ತದೊತ್ತಡಕ್ಕೆ 36 ತಿಂಗಳು ಕಾಯಬೇಕು, ಅದು ಮುಗಿಯುವುದೂ ಪಾಲಿಸಿ ಮುಗಿಯುವುದೂ ಒಂದೇ ದಿನ. ಆದ್ದರಿಂದ ಈ ಏಪ್ರಿಲ್‌ನ ನವೀಕರಣವನ್ನು ಗ್ರೇಸ್ ಅವಧಿಗೆ ಬಿಡುವುದಿಲ್ಲ. ಅವಧಿ ಮುಗಿದು ಹಣ ಕಟ್ಟುವವರೆಗಿನ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಖರ್ಚು ನಮ್ಮದೇ. ಈ ಸಲ ಕಂಪನಿ ಬದಲಿಸಿ, ಅಲ್ಲಿ ಮೊದಲು ಒಂದೇ ವರ್ಷಕ್ಕೆ ಕಟ್ಟಿ, ಆಸ್ಪತ್ರೆಗಳ ಪಟ್ಟಿ ನಿಲ್ಲುತ್ತದೆಯೇ ನೋಡಿಕೊಂಡು ಆಮೇಲೆ ಮೂರು ವರ್ಷಕ್ಕೆ ಹೋಗುತ್ತೇನೆ. ತಮ್ಮ ಮುಂದಿನ ವರ್ಷದಿಂದ ಆರು ತಿಂಗಳ ಕಂತಿಗೆ ಬದಲಾಗುತ್ತಿದ್ದಾನೆ.