ಫೈಬರ್ರೋ, ಹಾಟ್‌ಸ್ಪಾಟೋ? ನಾಲ್ಕು ಜನ ಒಟ್ಟಿಗೆ ಆನ್‌ಲೈನ್ ಇರುವ ಮನೆಯಲ್ಲಿ

ಇಬ್ಬರು ಮಕ್ಕಳ ಆನ್‌ಲೈನ್ ಕ್ಲಾಸು, ನಮ್ಮಿಬ್ಬರ ಆಫೀಸ್ ಕೆಲಸ. ಇಷ್ಟನ್ನೂ ಮೊದಲು ಫೋನಿನ ಹಾಟ್‌ಸ್ಪಾಟ್‌ನಲ್ಲಿ, ಆಮೇಲೆ ಫೈಬರ್‌ನಲ್ಲಿ ನಡೆಸಿ ನೋಡಿದ್ದೇವೆ. ಸ್ಪೀಡ್ ಟೆಸ್ಟ್ ಮಾಡಿದರೆ ಹಾಟ್‌ಸ್ಪಾಟ್ ಏನೂ ಕಳಪೆಯಲ್ಲ. ಡೌನ್‌ಲೋಡ್ 50 ಎಂಬಿಪಿಎಸ್ ಆಸುಪಾಸು ಬರುತ್ತಿತ್ತು. ಒಂದು ವಿಡಿಯೋ ಕಾಲ್‌ಗೆ ಎರಡು ಮೂರು ಎಂಬಿಪಿಎಸ್ ಸಾಕು. ಲೆಕ್ಕದ ಪ್ರಕಾರ ಯಾರಿಗೂ ತೊಂದರೆ ಆಗಬಾರದು, ಅಲ್ವಾ? ಆದರೂ "ಅಪ್ಪಾ, ನಾನು ಮತ್ತೆ ಫ್ರೀಜ್ ಆದೆ ಅಂತಾರೆ ಮಿಸ್" ಅನ್ನೋದು ತಪ್ಪುತ್ತಿರಲಿಲ್ಲ.

ಕಾರಣ ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತದೆ. ಫೋನ್ ವಾಪಸ್ ಕಳಿಸುವುದು ಹೆಚ್ಚೆಂದರೆ 0.2 ವ್ಯಾಟ್ ಆಸುಪಾಸಿನಲ್ಲಿ. ಅದಕ್ಕೇ ಗೋಡೆಗಳ ಒಳಗೆ ಕೂತಾಗ ಮೊದಲು ಸೊರಗುವುದು ಅಪ್‌ಲೋಡ್. ನಮಗೆ ಸಿಗುತ್ತಿದ್ದದ್ದು 5 ಎಂಬಿಪಿಎಸ್ ಅಷ್ಟೇ. ಅಷ್ಟರಲ್ಲೇ ನಾಲ್ಕು ಜನ ತಮ್ಮ ಮುಖ, ದನಿ ಕಳಿಸಬೇಕು.

ಮಗ ಪ್ರಾಜೆಕ್ಟ್‌ನ 200 ಎಂಬಿ ವಿಡಿಯೋ ಸಲ್ಲಿಸಲು ಕೂತಾಗ ಇದು ಚೆನ್ನಾಗಿ ಗೊತ್ತಾಯಿತು. ಒಂದು ಎಂಬಿ ಅಂದರೆ ಎಂಟು ಮೆಗಾಬಿಟ್, ಹಾಗಾಗಿ 5 ಎಂಬಿಪಿಎಸ್‌ನಲ್ಲಿ ಅದಕ್ಕೆ ಐದು ನಿಮಿಷದ ಮೇಲೆ ಬೇಕು. ಆ ಹೊತ್ತಿಗೆ ಹೆಂಡತಿ ಮೀಟಿಂಗ್‌ನಲ್ಲಿದ್ದಳು. ಫೈಲಿನ ತುಣುಕುಗಳು ಫೋನಿನಲ್ಲಿ ಸಾಲುಗಟ್ಟಿ ನಿಂತವು, ಅವಳ ದನಿ ಆ ಸಾಲಿನ ಕೊನೆಗೆ ಹೋಯಿತು. ಅವಳು ಹೇಳಿದ್ದು ಅತ್ತ ತಡವಾಗಿ, ತುಂಡು ತುಂಡಾಗಿ ಕೇಳಿಸುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೇನಾ ಎಂದು ನೋಡಲು ವಿಂಡೋಸ್ ಲ್ಯಾಪ್‌ಟಾಪ್‌ನ Command Prompt ತೆರೆದು ಇದನ್ನು ಓಡಿಸಿ:

```
ping -t 8.8.8.8
```

ಸುಮ್ನೆ ಇದ್ದಾಗ time ಪಕ್ಕ ಬರುವ ಸಂಖ್ಯೆ, ಅಂದರೆ ಸಂದೇಶ ಹೋಗಿ ಬರಲು ಹಿಡಿದ ಹೊತ್ತು, ನೋಡಿಕೊಳ್ಳಿ. ಆಮೇಲೆ ಇನ್ನೊಂದು ಸಾಧನದಿಂದ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. ನಮ್ಮ ಹಾಟ್‌ಸ್ಪಾಟ್‌ನಲ್ಲಿ 50 ಮಿಲಿಸೆಕೆಂಡ್ ಇದ್ದದ್ದು 600 ದಾಟಿತು. ಫೈಬರ್‌ನಲ್ಲಿ ಅಪ್‌ಲೋಡ್ ಕೂಡ 50 ಎಂಬಿಪಿಎಸ್ ಇರುವುದರಿಂದ ಅದೇ ಫೈಲ್ ಅರ್ಧ ನಿಮಿಷದಲ್ಲಿ ಹೋಯಿತು. ಪಿಂಗ್ 6ರಿಂದ 15ಕ್ಕೆ ಏರಿತು, ಅಷ್ಟೇ. ಫೈಬರ್ ಪ್ಲಾನ್ ಆರಿಸುವಾಗಲೂ ಅಪ್‌ಲೋಡ್ ಎಷ್ಟು ಎಂದು ಕೇಳಿ. ಜಾಹೀರಾತಿನಲ್ಲಿ ದಪ್ಪಗೆ ಬರೆಯುವುದು ಸಾಮಾನ್ಯವಾಗಿ ಡೌನ್‌ಲೋಡ್ ಒಂದನ್ನೇ.

ಇನ್ನು ಡೇಟಾ. ಹೋಗುವುದು ಬರುವುದು ಸೇರಿ 2 ಎಂಬಿಪಿಎಸ್ ಓಡುವ ಕಾಲ್ ಗಂಟೆಗೆ ಹತ್ತಿರ ಹತ್ತಿರ 0.9 ಜಿಬಿ ತಿನ್ನುತ್ತದೆ. ಮಕ್ಕಳಿಗೆ ನಾಲ್ಕು ನಾಲ್ಕು ಗಂಟೆ, ನಮಗೆ ಎರಡೆರಡು ಗಂಟೆ ಅಂದರೆ ದಿನಕ್ಕೆ ಸುಮಾರು 11 ಜಿಬಿ. ಇದರ ಮೇಲೆ ಕಣ್ಣಿಗೆ ಬೀಳದ ಖರ್ಚು ಬೇರೆ. ಹಾಟ್‌ಸ್ಪಾಟ್‌ಗೆ ಸೇರಿದ ಸಾಧನಕ್ಕೆ ಅದು ಎಷ್ಟೋ ಸಲ ಮಾಮೂಲಿ ವೈಫೈ ಥರವೇ ಕಾಣುತ್ತದೆ. "ವೈಫೈ ಸಿಕ್ಕಾಗ ಮಾತ್ರ" ಎಂದು ಇಟ್ಟ ಫೋಟೋ ಬ್ಯಾಕಪ್ಪು, ಅಪ್‌ಡೇಟು ಆಗಲೇ ಶುರುವಾಗುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಆ ನೆಟ್‌ವರ್ಕ್‌ನ ಸೆಟ್ಟಿಂಗ್‌ಗೆ ಹೋಗಿ Metered connection ಆನ್ ಮಾಡಿದರೆ ಬಹುಪಾಲು ಕಡಿಮೆಯಾಗುತ್ತದೆ.

ಹಾಟ್‌ಸ್ಪಾಟ್‌ನ ಇನ್ನೊಂದು ರಗಳೆ ನಗು ಬರಿಸುವಂಥದ್ದು. ಫೋನ್ ಜೇಬಿಗೆ ಹಾಕಿಕೊಂಡು ಹೊರಟರೆ ಮನೆಯ ಇಂಟರ್ನೆಟ್ಟೂ ನಮ್ಮ ಜೊತೆಗೇ ಹೊರಡುತ್ತದೆ!

ಹಾಗಂತ ಫೈಬರ್ ಕೈಕೊಡುವುದಿಲ್ಲ ಅಂತಲ್ಲ. ಕೊಟ್ಟರೆ ಪೂರ್ತಿ ಕೊಡುತ್ತದೆ. ಆಗ ಮೊದಲು ನೋಡಬೇಕಾದದ್ದು ಫೈಬರ್ ಬಂದು ಸೇರುವ ಪೆಟ್ಟಿಗೆಯ ಮೇಲಿನ ದೀಪ. LOS ಕೆಂಪಗೆ ಮಿನುಗುತ್ತಿದ್ದರೆ ಬೆಳಕು ನಿಮ್ಮ ಮನೆಗೆ ಬರುತ್ತಿಲ್ಲ. ಎಲ್ಲೋ ಕೇಬಲ್ ತುಂಡಾಗಿದೆ, ಕನೆಕ್ಟರ್ ಸಡಿಲವಾಗಿದೆ, ಇಲ್ಲವೇ ಯಾರೋ ತಂತಿಯನ್ನು ತೀರಾ ಮಡಚಿದ್ದಾರೆ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ತುಂಡಾದ ಕೇಬಲ್ ಸರಿಹೋಗಲ್ಲ, ಕೂಡಿಸುವವರು ಬರಬೇಕು. PON ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲದಿದ್ದರೆ ಕೇಬಲ್ ಚೆನ್ನಾಗಿದೆ ಎಂದರ್ಥ. ತೊಂದರೆ ರೂಟರ್‌ನಲ್ಲೋ ಕಂಪನಿಯ ಕಡೆಯಲ್ಲೋ ಇರುತ್ತದೆ. ದೂರು ಕೊಡುವಾಗ ಇದನ್ನೇ ಹೇಳಿದರೆ ಅರ್ಧ ಪ್ರಶ್ನೆಗಳು ತಪ್ಪುತ್ತವೆ.

ಕರೆಂಟ್ ಹೋದಾಗ ಹಾಟ್‌ಸ್ಪಾಟೇ ಮೇಲು ಅಂದುಕೊಂಡಿದ್ದೆವು. ಆದರೆ ಆ ಹೊತ್ತಿಗೆ ಸುತ್ತಲಿನವರೆಲ್ಲ ಮೊಬೈಲ್ ಡೇಟಾಕ್ಕೇ ಬರುವುದರಿಂದ ಅದು ಇನ್ನಷ್ಟು ನಿಧಾನ. ಫೈಬರ್ ಪೆಟ್ಟಿಗೆಗಳು ಹೆಚ್ಚಾಗಿ 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುತ್ತವೆ. ಅದಕ್ಕೆ ಹೊಂದುವ ಚಿಕ್ಕ ಯುಪಿಎಸ್ ಇಟ್ಟ ಮೇಲೆ ಕ್ಲಾಸು ನಿಂತಿಲ್ಲ.

ಒಬ್ಬರೇ ಕೆಲಸ ಮಾಡುವ, ಮೇಲ್ ಮತ್ತು ಡಾಕ್ಯುಮೆಂಟ್ ಜಾಸ್ತಿ ಇರುವ ಮನೆಗೆ ಹಾಟ್‌ಸ್ಪಾಟ್ ಧಾರಾಳ ಸಾಕು. ನಮ್ಮಂಥ ಮನೆಗೆ ಫೈಬರೇ ಬೇಕು, ಹಾಟ್‌ಸ್ಪಾಟ್ ಆಪತ್ಕಾಲಕ್ಕೆ ಇರಲಿ. ಅದರ ಪಾಸ್‌ವರ್ಡ್ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಮೊದಲೇ ಹಾಕಿಟ್ಟಿದ್ದೇವೆ. ಫೈಬರ್ ಹೋದ ದಿನ ಫೋನು ಸಿಗ್ನಲ್ ಚೆನ್ನಾಗಿರುವ ಕಿಟಕಿಯ ಬಳಿ ಚಾರ್ಜರ್ ಸಮೇತ ಕೂರುತ್ತದೆ. ಮಾತಾಡಲೇಬೇಕಾದವರು ಮಾತ್ರ ಕ್ಯಾಮೆರಾ ಆನ್ ಇಡುತ್ತಾರೆ. ದೊಡ್ಡ ಫೈಲ್‌ಗಳು ರಾತ್ರಿವರೆಗೆ ಕಾಯುತ್ತವೆ.