50 ಗ್ಯಾಲನ್ ಟ್ಯಾಂಕಿಗೆ ಎಷ್ಟು ಲೀಟರ್? ಫೋನು, ಟೇಪು, ನೀರಿನ ಕ್ಯಾನು – ನನ್ನ ವೋಟು ಕ್ಯಾನಿಗೆ

ಹೊರದೇಶದ ಸೆಕೆಂಡ್ ಹ್ಯಾಂಡ್ ಟ್ಯಾಂಕ್ ತಗೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅದರ ಮೇಲಿರುವ ಗ್ಯಾಲನ್ ಅಮೆರಿಕದ್ದೋ ಇಂಗ್ಲೆಂಡಿನದ್ದೋ ಅಂತ ತಿಳಿಯಲು 20 ಲೀಟರಿನ ನೀರಿನ ಕ್ಯಾನಿಗಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ಫೋನಿನಲ್ಲಿ ಲೆಕ್ಕ ಹಾಕಿ ನೋಡಿದೆ, ಟೇಪು ಹಿಡಿದೆ, ಭಾವನ ಮಾತನ್ನೂ ಕೇಳಿದೆ. ಕ್ಯಾನಿನಷ್ಟು ನಂಬಿಕೆ ಯಾವುದರ ಮೇಲೂ ಬರಲಿಲ್ಲ.

ನಮ್ಮದು ಕಾರ್ಕಳದ ಹತ್ತಿರ ಅಡಿಕೆ ತೋಟ. ಕೊಳೆರೋಗಕ್ಕೆ ಮದ್ದು ಬಿಡಲು ಪಂಪ್ ಸಮೇತ ಇರುವ ಟ್ಯಾಂಕ್ ಬೇಕಿತ್ತು. ಬೈಕಂಪಾಡಿ ಕಡೆ ಒಂದು ಕಡೆ ಹಳೇದು ಸಿಕ್ಕಿತು. ಟ್ಯಾಂಕಿನ ಮೈಯಲ್ಲಿ 10ರಿಂದ 50ರವರೆಗೆ ಗ್ಯಾಲನ್ ಗೆರೆಗಳು ಅಚ್ಚಾಗಿದ್ದವು. ಆದರೆ ಯಾವ ದೇಶದ ಗ್ಯಾಲನ್ ಅಂತ ಎಲ್ಲೂ ಇಲ್ಲ. ಮಾರುವವರು ಅದರ ಮೇಲೊಂದು ಸ್ಟಿಕ್ಕರ್ ಅಂಟಿಸಿದ್ದರು, '227 ಲೀಟರ್' ಅಂತ.

ಆ ಸ್ಟಿಕ್ಕರೇ ದೊಡ್ಡ ಕಿರಿಕಿರಿ. ನೋಡಿದವರಿಗೆ ಯಾರೋ ಅಳೆದು ಬರೆದಿದ್ದಾರೆ ಅನಿಸುತ್ತದೆ. ಅಳೆದಿರಲಿಲ್ಲ, 50ನ್ನು 4.546ರಿಂದ ಗುಣಿಸಿದ್ದರು, ಅಷ್ಟೇ. ಅದು ಇಂಪೀರಿಯಲ್, ಅಂದರೆ ಇಂಗ್ಲೆಂಡಿನ ಗ್ಯಾಲನ್ ಲೆಕ್ಕ. ಅಮೆರಿಕದ ಗ್ಯಾಲನ್ 3.785 ಲೀಟರ್, ಆ ಲೆಕ್ಕದಲ್ಲಿ ಅದೇ ಟ್ಯಾಂಕಿಗೆ 189 ಲೀಟರ್ ಮಾತ್ರ. 38 ಲೀಟರ್ ವ್ಯತ್ಯಾಸ! ರೇಟು ಹೇಳುವಾಗ ಅವರು 227 ಲೀಟರಿನ ಟ್ಯಾಂಕ್ ಅಂತಲೇ ಹೇಳುತ್ತಿದ್ದರು. ಹಾಗಾಗಿ ಟ್ಯಾಂಕಿನ ಮೇಲೆ ಗ್ಯಾಲನ್, ಲೀಟರ್ ಎರಡೂ ಇದ್ದರೆ ಮೊದಲು ನೋಡಬೇಕಾದದ್ದು ಲೀಟರ್ ಎಲ್ಲಿಂದ ಬಂತು ಅಂತ. ಗ್ಯಾಲನ್ ಜೊತೆಗೇ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿದ್ದರೆ ಕಂಪನಿಯದ್ದು, ನಂಬಬಹುದು. ಆಗ ಕೆಲಸವೂ ಸುಲಭ: 10 ಗ್ಯಾಲನ್ ಗೆರೆ 40 ಲೀಟರ್ ಗೆರೆಗಿಂತ ಸ್ವಲ್ಪ ಕೆಳಗಿದ್ದರೆ ಅಮೆರಿಕದ್ದು, 45ರ ಹತ್ತಿರ ಇದ್ದರೆ ಇಂಗ್ಲೆಂಡಿನದ್ದು. ಆಮೇಲೆ ಅಂಟಿಸಿದ ಲೀಟರ್ ಆದರೆ ಅದು ಯಾರದೋ ಊಹೆ.

ಪಂಪಿನ ಮೇಲೆ ಅಮೆರಿಕದಲ್ಲಿ ತಯಾರಾದದ್ದು ಅಂತ ಇತ್ತು, ಆದರೆ ಟ್ಯಾಂಕೂ ಅಲ್ಲಿಯದ್ದೇ ಅಂತ ಅದರಿಂದ ಹೇಳಲಾಗುವುದಿಲ್ಲ. ಪಂಪ್ ಬದಲಾಗಿರಬಹುದು. ಕೆನಡಾದಿಂದ ಬಂದ ಟ್ಯಾಂಕೂ ಇರಬಹುದು, ಅಲ್ಲಿಯ ಗ್ಯಾಲನ್ ಇಂಪೀರಿಯಲ್.

ಭಾವ ದುಬೈಯಲ್ಲಿ ಇದ್ದು ಬಂದವರು. "ಒಂದು ಗ್ಯಾಲನ್ ಅಂದ್ರೆ ನಾಲ್ಕೂವರೆ ಲೀಟರ್, ನನಗೆ ಗೊತ್ತಿಲ್ವಾ ಮಾರಾಯ" ಅಂದರು. ಅವರ ಮಾತು ಸುಳ್ಳಲ್ಲ. ದುಬೈಯ ನೀರಿನ ಬಿಲ್ಲು ಬರುವುದೇ ಇಂಪೀರಿಯಲ್ ಗ್ಯಾಲನ್ನಿನಲ್ಲಿ. ನಮ್ಮ ಕರಾವಳಿಯಲ್ಲಿ ಗಲ್ಫಿನಿಂದ ಬಂದವರು ಮನೆಮನೆಯಲ್ಲಿ ಇರುವುದರಿಂದ ಈ ನಾಲ್ಕೂವರೆ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಫೋನು ಇದಕ್ಕೆ ಪೂರ್ತಿ ಉಲ್ಟಾ. ಸುಮ್ನೆ ಗ್ಯಾಲನ್ ಅಂತ ಹುಡುಕಿದರೆ ಸಾಮಾನ್ಯವಾಗಿ ಅಮೆರಿಕದ 3.785 ಲೆಕ್ಕವನ್ನೇ ತೋರಿಸುತ್ತದೆ, ಇಂಪೀರಿಯಲ್ ಬೇಕಾದರೆ ನಾವೇ ಆರಿಸಬೇಕು. ಗುಣಾಕಾರದಲ್ಲಿ ಇಬ್ಬರೂ ಸರಿ, ಆದರೆ ಎದುರಿಗಿರುವ ಟ್ಯಾಂಕ್ ಯಾವ ಜಾತಿ ಅಂತ ಇಬ್ಬರಿಗೂ ಗೊತ್ತಿಲ್ಲ.

ಎರಡು ಗ್ಯಾಲನ್ ಯಾಕೆ ಅಂದರೆ, ಅಮೆರಿಕದವರು ಇಟ್ಟುಕೊಂಡದ್ದು ಇಂಗ್ಲೆಂಡಿನವರ 1707ರ ವೈನ್ ಗ್ಯಾಲನ್. ಇಂಗ್ಲೆಂಡಿನವರು 1824ರಲ್ಲಿ ಅದನ್ನು ಬಿಟ್ಟು 10 ಪೌಂಡ್ ನೀರು ಹಿಡಿಯುವಷ್ಟು ಅಂತ ಹೊಸದು ಮಾಡಿಕೊಂಡರು.

ಟೇಪು ಚೌಕಾಕಾರದ ತಗಡಿನ ಟ್ಯಾಂಕಿಗೆ ಸಾಕು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಬಂತು. ನಾನು ನೋಡಿದ್ದು ಮೂಲೆಯೆಲ್ಲ ದುಂಡಗಿರುವ, ತಳ ಮಧ್ಯಕ್ಕೆ ಇಳಿದಿರುವ ಪ್ಲಾಸ್ಟಿಕ್ ಟ್ಯಾಂಕ್. ಟೇಪನ್ನು ಎಲ್ಲಿ ಹಿಡಿಯುವುದು ಅಂತಲೇ ಗೊತ್ತಾಗಲಿಲ್ಲ.

ಇನ್ನು ಕ್ಯಾನು. 20 ಲೀಟರಿನ ಕ್ಯಾನನ್ನು ಕುತ್ತಿಗೆವರೆಗೆ ತುಂಬಿಸಿದರೆ 20ಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ, ಅದಕ್ಕೇ ಅಡಿಕೆ ತೂಗುವ ಮೆಷಿನ್ ಮೇಲಿಟ್ಟು ಖಾಲಿ ತೂಕ ಬಿಟ್ಟು ಸರಿಯಾಗಿ 20 ಕೆಜಿ ನೀರು ನಿಲ್ಲುವಲ್ಲಿ ಪೈಂಟಿನ ಗೆರೆ ಎಳೆದು ತಗೊಂಡು ಹೋದೆ. ಒಂದು ಲೀಟರ್ ನೀರು ಒಂದು ಕೆಜಿ, ಅಲ್ವಾ. ಇಡೀ ಟ್ಯಾಂಕ್ ತುಂಬಿಸಬೇಕಾಗಿಯೇ ಇಲ್ಲ. ಕೆಳಗಿನ ವಾಲ್ವ್ ಮುಚ್ಚಿ, ಖಾಲಿ ಟ್ಯಾಂಕಿಗೆ ಎರಡು ಕ್ಯಾನ್ ಸುರಿದರೆ 40 ಲೀಟರ್. ಅಮೆರಿಕದ ಟ್ಯಾಂಕ್ ಆದರೆ ನೀರು 10ರ ಗೆರೆಯನ್ನು ದಾಟಿ ಎರಡು ಲೀಟರಿನಷ್ಟು ಮೇಲೆ ಹೋಗುತ್ತದೆ. ಇಂಗ್ಲೆಂಡಿನದ್ದಾದರೆ ಗೆರೆ ಮುಟ್ಟಲು ಇನ್ನೂ ಐದೂವರೆ ಲೀಟರ್ ಬೇಕು.

ಒಂದೇ ತೊಂದರೆ, ನೆಲ ಸಮ ಇರಬೇಕು. ಆ ಟ್ಯಾಂಕಿನ ತಳ ಹೆಚ್ಚುಕಡಿಮೆ 90 ಸೆಂಮೀ ಉದ್ದ, 60 ಸೆಂಮೀ ಅಗಲ. ಅಂದರೆ ನೀರು ಒಂದು ಸೆಂಟಿಮೀಟರ್ ಏರಿದರೆ ಐದು ಲೀಟರಿಗೂ ಜಾಸ್ತಿ ಆಯಿತು. ಟ್ಯಾಂಕ್ ಸ್ವಲ್ಪ ವಾಲಿದರೂ ಎರಡು ಕ್ಯಾನಿನ ಗುಟ್ಟು ಅಲ್ಲೇ ಮುಚ್ಚಿಹೋಗುತ್ತದೆ. ಅವರ ಅಂಗಳ ಇಳಿಜಾರು. ಒಂದು ಬದಿಗೆ ಮುರಕಲ್ಲಿನ ಚೂರು ಇಟ್ಟು ಸಮ ಮಾಡಿ ನಾಲ್ಕು ಕ್ಯಾನ್ ಸುರಿದೆವು. 80 ಲೀಟರಿಗೆ ನೀರು 20ರ ಗೆರೆಗಿಂತ ಮೇಲೆ ನಿಂತಿತು. ಇಂಪೀರಿಯಲ್ ಆಗಿದ್ದರೆ 20ರ ಗೆರೆಗೆ 91 ಲೀಟರ್ ಬೇಕಿತ್ತು. ಸಂಶಯವೇ ಇಲ್ಲ, ಅಮೆರಿಕದ್ದು. ಮಾರುವವರು ಸ್ಟಿಕ್ಕರ್ ಕಿತ್ತರು, ರೇಟೂ ಇಳಿಸಿದರು.

ದುಡ್ಡಿಗಿಂತ ನನಗೆ ಮದ್ದಿನದ್ದೇ ಚಿಂತೆ ಇತ್ತು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸ್ಟಿಕ್ಕರ್ ನಂಬಿ 2.27 ಕೆಜಿ ಹಾಕಿದರೆ ನೀರು ಇರುವುದು 189 ಲೀಟರ್, ದ್ರಾವಣ ಶೇಕಡಾ 1.2 ಆಗುತ್ತದೆ. ಪ್ರತಿ ಟ್ಯಾಂಕಿಗೂ 380 ಗ್ರಾಂ ಮೈಲುತುತ್ತ ದಂಡ. ಇಂಗ್ಲೆಂಡಿನ ಟ್ಯಾಂಕನ್ನು ಅಮೆರಿಕದ್ದು ಅಂತ ತಿಳಿದರೆ ಇನ್ನೂ ಕಷ್ಟ, 0.83ಕ್ಕೆ ಇಳಿದು ಮದ್ದು ಸಪ್ಪೆ. ಇದನ್ನು ಕತ್ತಿ ಅದ್ದಿ ನೋಡಿ ಹಿಡಿಯಲು ಆಗುವುದಿಲ್ಲ. ಕಬ್ಬಿಣಕ್ಕೆ ತಾಮ್ರದ ಬಣ್ಣ ಕೂರುವುದು ಸುಣ್ಣ ಕಡಿಮೆಯಾದಾಗ. ಇಲ್ಲಿ ಸುಣ್ಣವೂ ಅದೇ ತಪ್ಪು ಲೆಕ್ಕದಲ್ಲಿ ಬಿದ್ದಿರುವುದರಿಂದ ಕತ್ತಿ ಹೊಳೆಯುತ್ತಲೇ ಇರುತ್ತದೆ.

ಜನರೇಟರಿನ ಡೀಸೆಲ್ ಟ್ಯಾಂಕಿಗೆ ಕ್ಯಾನಿನ ಉಪಾಯ ಬೇಡ, ಒಳಗೆ ನೀರು ಹೋಗಬಾರದು. ಅಲ್ಲಿ ಟೇಪೇ ಗತಿ. ನೀರಿನ ಟ್ಯಾಂಕಿಗೆ ಖಾಲಿ ತೂಕ, ತುಂಬಿದ ತೂಕ ಎರಡೂ ಪೌಂಡಿನಲ್ಲಿ ಬರೆದಿದ್ದರೆ ಮಾತ್ರ ಕ್ಯಾನ್ ಹೊರುವುದೂ ಬೇಡ: ಕಳೆದು ಗ್ಯಾಲನ್ನಿನಿಂದ ಭಾಗಿಸಿ, 8.3ರ ಹತ್ತಿರ ಬಂದರೆ ಅಮೆರಿಕ, 10 ಬಂದರೆ ಇಂಗ್ಲೆಂಡ್.

ನಾನು ಈಗ ಟ್ಯಾಂಕಿಗೆ ಐದು ಕ್ಯಾನ್ ಸುರಿದು 100 ಲೀಟರಿಗೆ ಕೆಂಪು ಪೈಂಟಿನಲ್ಲಿ ದಪ್ಪ ಗೆರೆ ಎಳೆದಿದ್ದೇನೆ. ಮದ್ದು ಬಿಡಲು ಬರುವವರು ಅದೊಂದನ್ನೇ ನೋಡುತ್ತಾರೆ.